ಮೂರನೇ ಸುತ್ತಿನ ತಿದ್ದುಪಡಿಗೆ ದುಡ್ಡು ಕೇಳುವ ಪತ್ರ

‘ಒಂದ್ ಸಣ್ಣ ಚೇಂಜ್ ಐತ್ರಿ, ಹತ್ತು ನಿಮಿಷದ ಕೆಲ್ಸ.’ ಸ್ವತಂತ್ರವಾಗಿ ಕೆಲಸ ಹಿಡಿದು ದುಡಿಯುವ ಡಿಸೈನರ್, ಅನುವಾದಕ, ವಿಡಿಯೊ ಎಡಿಟರ್ ಇವರಲ್ಲಿ ಈ ಮಾತು ಕೇಳದವರಿಲ್ಲ. ಮೊದಲ ಸಲ ಖುಷಿಯಿಂದಲೇ ಮಾಡಿಕೊಡುತ್ತಾರೆ. ನಾಲ್ಕನೇ ಸಲ ಸಿಟ್ಟು ಬರುತ್ತದೆ. ಆದರೆ ಅಷ್ಟರಲ್ಲಿ ‘ಇವರು ಬದಲಾವಣೆಗೆ ದುಡ್ಡು ಕೇಳುವುದಿಲ್ಲ’ ಎಂಬುದು ಗ್ರಾಹಕರ ಮನಸ್ಸಿನಲ್ಲಿ ಗಟ್ಟಿಯಾಗಿರುತ್ತದೆ. ದುಡ್ಡಿನ ಮಾತು ಕೆಲಸಕ್ಕಿಂತ ಮೊದಲೇ ಬರಬೇಕಾದದ್ದು ಇದಕ್ಕೇ.

ಒಂದು ಮಾದರಿ ಪ್ರಸಂಗ ನೋಡೋಣ. ಹುಬ್ಬಳ್ಳಿಯ ಡಿಸೈನರ್ ಒಬ್ಬರು ಹಾವೇರಿ ಕಡೆಯ ಸಣ್ಣ ಉದ್ಯಮಿಗೆ ಬ್ಯಾಡಗಿ ಖಾರದಪುಡಿಯ ಪೌಚ್ ವಿನ್ಯಾಸ ಮಾಡಲು ಒಪ್ಪಿದ್ದಾರೆ. 200 ಗ್ರಾಂ ಪೌಚ್, ಮುಂಭಾಗ ಮತ್ತು ಹಿಂಭಾಗ, ಎರಡು ಸುತ್ತಿನ ತಿದ್ದುಪಡಿ ಸೇರಿ 15,000 ರೂಪಾಯಿ. ಅರ್ಧ ಮುಂಗಡವಾಗಿ ಬಂದಿದೆ. ಒಟ್ಟು 25 ಗಂಟೆ ಹಿಡಿಯಬಹುದೆಂದು ಅಂದಾಜಿಸಿ ಈ ದರ ಹೇಳಿದ್ದರಿಂದ ಗಂಟೆಗೆ 600 ರೂಪಾಯಿ ಬೀಳುತ್ತದೆ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಎರಡೂ ಸುತ್ತು ಮುಗಿದ ಮೇಲೆ ವಾಟ್ಸಾಪ್‌ನಲ್ಲಿ ಬಿಡಿಬಿಡಿಯಾಗಿ ಸಂದೇಶಗಳು ಬರತೊಡಗುತ್ತವೆ. ಆಹಾರ ಲೈಸೆನ್ಸ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದೆ. ಲೋಗೊ ಸ್ವಲ್ಪ ಸಣ್ಣದಾಗಲಿ. ಹಿನ್ನೆಲೆ ಕೆಂಪು ಬೇಡ, ಹಳದಿ ಮಾಡಿ. 50 ಗ್ರಾಂ ಮತ್ತು 500 ಗ್ರಾಂ ಪೌಚಿಗೂ ಇದನ್ನೇ ಹೊಂದಿಸಿ. ಕೊಲ್ಹಾಪುರಕ್ಕೂ ಮಾಲು ಹೋಗುತ್ತದೆ, ಹಿಂದೆ ಮರಾಠಿ ಹಾಕಿ. ಹಾಗೇ ಇನ್‌ಸ್ಟಾಗ್ರಾಂಗೆ ಒಂದು ಪೋಸ್ಟರ್.

ಡಿಸೈನರ್ ತಕ್ಷಣ ಉತ್ತರಿಸುವ ಬದಲು ಈ ಆರನ್ನೂ ಒಂದು ಹಾಳೆಯಲ್ಲಿ ಬರೆದು ಮೂರು ಗುಂಪು ಮಾಡಬೇಕು. ಮೊದಲನೆಯದು ತನ್ನ ತಪ್ಪು. 14 ಅಂಕಿಗಳ ಲೈಸೆನ್ಸ್ ಸಂಖ್ಯೆಯನ್ನು ಟೈಪ್ ಮಾಡುವಾಗ ತಪ್ಪಿದ್ದರೆ ಅದನ್ನು ಯಾವ ಸುತ್ತಿಗೂ ಸೇರಿಸದೆ, ದುಡ್ಡಿಲ್ಲದೆ, ಅಂದೇ ಸರಿಪಡಿಸಬೇಕು. ಗ್ರಾಹಕರು ಕಳಿಸಿದ ಸಂಖ್ಯೆಯೇ ತಪ್ಪಿದ್ದರೆ ಮಾತು ಬೇರೆ, ಆದ್ದರಿಂದ ಹಳೆಯ ಸಂದೇಶ ತೆಗೆದು ನೋಡಿಕೊಳ್ಳುವುದು ಒಳ್ಳೆಯದು. ಎರಡನೆಯ ಗುಂಪು ತಿದ್ದುಪಡಿ, ಅಂದರೆ ಒಪ್ಪಿದ ವಸ್ತುವಿನಲ್ಲೇ ಬದಲಾವಣೆ. ಲೋಗೊ ಅಳತೆ, ಹಿನ್ನೆಲೆ ಬಣ್ಣ ಇಲ್ಲಿಗೆ ಬರುತ್ತವೆ. ಮೂರನೆಯದು ಹೊಸ ಕೆಲಸ. ಬೇರೆ ಅಳತೆಯ ಪೌಚ್, ಮರಾಠಿ, ಪೋಸ್ಟರ್ ಮೂರೂ ಮೊದಲ ಒಪ್ಪಂದದಲ್ಲಿ ಇರಲೇ ಇಲ್ಲ.

ಬೇರೆ ಅಳತೆಯ ಪೌಚ್ ವಿಷಯದಲ್ಲೇ ಹೆಚ್ಚು ಜಗಳವಾಗುವುದು. ‘ಅದನ್ನೇ ಸಣ್ಣದು ಮಾಡಿ’ ಎಂದು ಗ್ರಾಹಕರಿಗೆ ಅನಿಸುವುದು ಸಹಜ. ವಾಸ್ತವದಲ್ಲಿ ಪ್ರತಿ ಅಳತೆಯ ಪೌಚಿಗೂ ಮಡಿಕೆ, ಸೀಲ್ ಜಾಗ ಬೇರೆಯಾಗಿರುತ್ತದೆ. ನಿವ್ವಳ ತೂಕದ ಅಂಕಿಗಳಿಗೆ ಕಾನೂನೇ ಕನಿಷ್ಠ ಎತ್ತರ ನಿಗದಿ ಮಾಡಿದೆ. ಬಾರ್‌ಕೋಡನ್ನು ಮನಬಂದಷ್ಟು ಕುಗ್ಗಿಸಿದರೆ ಅಂಗಡಿಯ ಯಂತ್ರ ಓದುವುದಿಲ್ಲ. 50 ಗ್ರಾಂ ಪೌಚಿನ ಹಿಂಭಾಗದಲ್ಲಿ ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶದ ಕೋಷ್ಟಕ, ವಿಳಾಸ ಎಲ್ಲವನ್ನೂ ಹೊಸದಾಗಿ ಜೋಡಿಸಬೇಕು. ಇದನ್ನು ಗ್ರಾಹಕರಿಗೆ ಎರಡು ವಾಕ್ಯಗಳಲ್ಲಿ ಹೇಳಿದರೆ ದರದ ಬಗ್ಗೆ ಅರ್ಧ ತಕರಾರು ಅಲ್ಲೇ ನಿಲ್ಲುತ್ತದೆ.

ಈಗ ಪತ್ರ. ವಾಟ್ಸಾಪ್ ಮಾತುಕತೆಯಲ್ಲಿ ಕಳೆದುಹೋಗದಂತೆ ಇಮೇಲ್ ಮಾಡುವುದು ಮೇಲು.

‘ಸರ್, ನಮಸ್ಕಾರ. ನಿಮ್ಮ ಆರೂ ಸೂಚನೆಗಳನ್ನು ಒಟ್ಟಿಗೆ ನೋಡಿದೆ. ಲೈಸೆನ್ಸ್ ಸಂಖ್ಯೆಯ ತಪ್ಪು ನನ್ನದು. ಸರಿಪಡಿಸಿದ ಫೈಲ್ ಇದರ ಜೊತೆಗಿದೆ, ಅದಕ್ಕೆ ಶುಲ್ಕವಿಲ್ಲ.

‘ನಾವು ಒಪ್ಪಿದ 15,000 ರೂಪಾಯಿಯಲ್ಲಿ 200 ಗ್ರಾಂ ಪೌಚಿನ ಎರಡು ಬದಿ ಮತ್ತು ಎರಡು ಸುತ್ತಿನ ತಿದ್ದುಪಡಿ ಸೇರಿದ್ದವು. ಆ ಎರಡೂ ಸುತ್ತು ಮುಗಿದಿವೆ. ಲೋಗೊ ಮತ್ತು ಹಿನ್ನೆಲೆ ಬದಲಾವಣೆ ಮೂರನೇ ಸುತ್ತಾಗುತ್ತದೆ. ಅದಕ್ಕೆ ಮೂರು ಗಂಟೆ, 1,800 ರೂಪಾಯಿ. 50 ಮತ್ತು 500 ಗ್ರಾಂ ಪೌಚಿಗೆ ತಲಾ 3,000ದಂತೆ 6,000. ಮರಾಠಿ ಪಠ್ಯ ನೀವು ಕೊಟ್ಟರೆ ಜೋಡಿಸಲು 1,500. ಪೋಸ್ಟರ್‌ಗೆ 2,000. ಎಲ್ಲವೂ ಬೇಕಾದರೆ ಒಟ್ಟು 11,300 ರೂಪಾಯಿ. ಇವುಗಳಲ್ಲಿ ಬೇಕಾದ್ದನ್ನಷ್ಟೇ ಆರಿಸಬಹುದು.

‘ಯಾವುದೂ ಬೇಡವೆಂದರೆ ಈಗಿನ ವಿನ್ಯಾಸಕ್ಕೆ ಒಪ್ಪಿಗೆ ಬರೆದು ಕಳಿಸಿ. ಬಾಕಿ 7,500 ಬಂದ ದಿನವೇ ಪ್ರಿಂಟಿಂಗ್ ಫೈಲ್ ಕೊಡುತ್ತೇನೆ. ಹೆಚ್ಚುವರಿ ಕೆಲಸವನ್ನು ನಿಮ್ಮ ಒಪ್ಪಿಗೆ ಮತ್ತು ಅದರ ಅರ್ಧ ಮುಂಗಡ ಬಂದ ಮೇಲೆ ಶುರು ಮಾಡುತ್ತೇನೆ.’

ಈ ಪತ್ರದಲ್ಲಿ ದೂರು ಇಲ್ಲ, ‘ನನಗೂ ಸಂಸಾರವಿದೆ’ ಎಂಬ ಅಳಲೂ ಇಲ್ಲ. ತನ್ನ ತಪ್ಪನ್ನು ಮೊದಲು ಸರಿಪಡಿಸಿರುವುದರಿಂದ ಮುಂದಿನ ಲೆಕ್ಕಕ್ಕೆ ಬಲ ಬಂದಿದೆ. ಪ್ರತಿ ಕೆಲಸಕ್ಕೂ ಬೇರೆ ದರ ಇರುವುದರಿಂದ ಗ್ರಾಹಕರಿಗೆ ಆಯ್ಕೆ ಸಿಕ್ಕಿದೆ. ಬರೀ 11,300 ಎಂದಿದ್ದರೆ ಚೌಕಾಸಿ ಶುರುವಾಗುತ್ತಿತ್ತು. ಬಿಡಿಸಿ ಹೇಳಿದಾಗ ‘ಪೋಸ್ಟರ್ ಸದ್ಯ ಬೇಡ’ ಎಂಬ ಉತ್ತರ ಬರುವ ಸಂಭವ ಹೆಚ್ಚು. ಗ್ರಾಹಕರು 8,000ಕ್ಕೆ ಮುಗಿಸಿ ಎಂದರೆ ದರ ಇಳಿಸಬೇಕಿಲ್ಲ. ಮರಾಠಿ ಮತ್ತು ಪೋಸ್ಟರ್ ಬಿಟ್ಟರೆ 7,800 ಆಗುತ್ತದೆ ಎಂದರೆ ಸಾಕು. ಕೆಲಸ ಅಷ್ಟೇ ಇಟ್ಟು ದರ ಮಾತ್ರ ಕಡಿಮೆ ಮಾಡಿದರೆ ಮೊದಲು ಹೇಳಿದ ದರವೇ ಸುಳ್ಳೆಂದು ಒಪ್ಪಿಕೊಂಡಂತೆ.

ಲಿಖಿತ ಒಪ್ಪಿಗೆ ಕೇಳಿರುವುದಕ್ಕೂ ಕಾರಣವಿದೆ. ಇಂಥ ಪೌಚ್‌ಗಳನ್ನು ಗ್ರೇವ್ಯೂರ್ ವಿಧಾನದಲ್ಲಿ ಮುದ್ರಿಸುವುದಾದರೆ ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರ್ ಕೆತ್ತಿಸಬೇಕು. ಕೆತ್ತಿದ ಮೇಲೆ ಅಕ್ಷರವೊಂದು ಬದಲಾದರೂ ಹೊಸ ಸಿಲಿಂಡರಿನ ಖರ್ಚು ಬೀಳಬಹುದು. ಆಗ ಆ ವಿನ್ಯಾಸಕ್ಕೆ ಯಾರು, ಯಾವಾಗ ಒಪ್ಪಿದ್ದರು ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಮೊದಲೇ ಹೇಳುವುದು ಮುಖ್ಯ. 1872ರ ಭಾರತೀಯ ಕರಾರು ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ, ಒಬ್ಬರು ಪುಕ್ಕಟೆಯಾಗಿ ಕೊಡುವ ಉದ್ದೇಶವಿಲ್ಲದೆ ನ್ಯಾಯಬದ್ಧವಾಗಿ ಮಾಡಿದ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದರೆ ಅದಕ್ಕೆ ಪರಿಹಾರ ಕೊಡಬೇಕಾಗುತ್ತದೆ. ‘ಪುಕ್ಕಟೆಯಾಗಿ ಅಲ್ಲ’ ಎಂಬುದು ಇಲ್ಲಿನ ಗಂಟು. ನಾಲ್ಕು ಸಲ ‘ಆಯ್ತು ಸರ್’ ಎಂದು ಮಾಡಿಕೊಟ್ಟು ಐದನೇ ಸಲ ನಾಲ್ಕಕ್ಕೂ ಬಿಲ್ ಕಳಿಸಿದವರಿಗೆ ಆ ಉದ್ದೇಶವನ್ನು ತೋರಿಸುವುದು ಕಷ್ಟ. ಕೆಲಸ ಮುಟ್ಟುವ ಮೊದಲೇ ದರ ಹೇಳಿ ಒಪ್ಪಿಗೆ ಪಡೆದವರು ಈ ಸೆಕ್ಷನ್‌ವರೆಗೆ ಹೋಗಬೇಕಾಗಿಯೇ ಬರುವುದಿಲ್ಲ, ಆ ಒಪ್ಪಿಗೆಯೇ ಹೊಸ ಕರಾರು.

ಎಷ್ಟೋ ಜನರಲ್ಲಿ ಸುತ್ತಿನ ಲೆಕ್ಕ ಎಲ್ಲೂ ಬರೆದಿಲ್ಲ, ಎಲ್ಲ ಬಾಯಿಮಾತು. ಅಂಥವರು ‘ನಾವು ಒಪ್ಪಿದಂತೆ’ ಎಂದು ಬರೆಯಬಾರದು, ಅದು ನಿಜವಲ್ಲ. ‘ಇಲ್ಲಿಯವರೆಗಿನ ಬದಲಾವಣೆಗಳನ್ನು ಅದೇ ಮೊತ್ತದಲ್ಲಿ ಮಾಡಿಕೊಟ್ಟಿದ್ದೇನೆ. ಉಳಿದ ಸೂಚನೆಗಳನ್ನು ಒಂದೇ ಪಟ್ಟಿಯಾಗಿ ಶುಕ್ರವಾರದೊಳಗೆ ಕಳಿಸಿದರೆ ಈಗಿನ ಪೌಚಿನಲ್ಲಿ ಕೊನೆಯ ಸುತ್ತು ಮಾಡಿಕೊಡುತ್ತೇನೆ. ಆಮೇಲಿನದ್ದಕ್ಕೆ ಗಂಟೆಗೆ 600 ರೂಪಾಯಿ ಆಗುತ್ತದೆ. ಒಪ್ಪಿಗೆ ಇದ್ದರೆ ತಿಳಿಸಿ’ ಎನ್ನಬಹುದು. ಹಿಂದಿನದನ್ನು ಬಿಟ್ಟುಕೊಟ್ಟರೂ ಮುಂದಿನದಕ್ಕೆ ಗಡಿ ಸಿಗುತ್ತದೆ. ‘ಒಂದೇ ಪಟ್ಟಿ’ ಎಂಬ ಮಾತನ್ನು ಮಾತ್ರ ಬಿಡಬಾರದು. ಮಾಲೀಕರು, ಅವರ ಮಗ, ಅಂಗಡಿಯ ಮ್ಯಾನೇಜರ್ ಬೇರೆಬೇರೆ ದಿನ ಹೇಳಿದ್ದೆಲ್ಲ ಬೇರೆಬೇರೆ ಸುತ್ತೋ ಒಂದೇ ಸುತ್ತೋ ಎಂಬ ವಾದ ಹುಟ್ಟುವುದು ಆ ಮಾತು ಇಲ್ಲದಾಗಲೇ.