ಲೀಟರಿಗೆ ಎಷ್ಟು ಕೊಡುತ್ತೆ?

ಬೈಕಿನ ವಿಮರ್ಶೆ ಕೈಗೆ ಬಂದರೆ ಹೆಚ್ಚಿನವರು ಮೊದಲು ಹುಡುಕುವುದು ಮೈಲೇಜ್ ಎಷ್ಟು ಅನ್ನುವುದನ್ನು. ಬೈಕುಗಳನ್ನು ಓಡಿಸಿ ನೋಡಿ ಬರೆಯಲು ಶುರು ಮಾಡಿದ ಹೊಸತರಲ್ಲಿ ನಾನೂ ಆ ಒಂದು ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಕೊಟ್ಟು ಮುಂದಿನ ಮಾತಿಗೆ ಹೋಗಿಬಿಡುತ್ತಿದ್ದೆ. ಒಮ್ಮೆ 67 ಎಂದು ಬರೆದ ಗಾಡಿಯನ್ನು ಕೊಂಡ ಓದುಗರೊಬ್ಬರು ಮೂರು ತಿಂಗಳು ಲೆಕ್ಕ ಇಟ್ಟು, ತಮಗೆ ಐವತ್ತೈದು ದಾಟಿಲ್ಲ ಎಂದು ಪತ್ರ ಬರೆದರು. ಅವರ ಲೆಕ್ಕ ಸರಿಯಿತ್ತು. ತಪ್ಪಿದ್ದು ನಾನು ಅಳೆದ ರೀತಿಯಲ್ಲಿ.

ನಾನು ಮಾಡಿದ್ದು ಇಷ್ಟು: ಟ್ಯಾಂಕ್ ತುಂಬಿಸಿ, ಊರಲ್ಲಿ 40 ಕಿಲೋಮೀಟರ್ ಸುತ್ತಿ ಬಂದು, ಮತ್ತೆ ತುಂಬಿಸಿದಾಗ 600 ಮಿಲಿಲೀಟರ್ ಹಿಡಿಯಿತು. ಭಾಗಿಸಿದರೆ 67. ಆದರೆ ಎರಡನೆಯ ಸಲ ತುಂಬಿಸುವಾಗ ಗಾಡಿ ಸೈಡ್ ಸ್ಟ್ಯಾಂಡಿನ ಮೇಲಿದ್ದು ಸ್ವಲ್ಪ ವಾಲಿದ್ದರೆ, ಅಥವಾ ನೊರೆ ಇಳಿಯುವ ಮೊದಲೇ ಬಂಕಿನ ಹುಡುಗ ನಾಜಲ್ ತೆಗೆದಿದ್ದರೆ, ಒಂದು ಟೀ ಲೋಟದಷ್ಟು, ಅಂದರೆ 100 ಮಿಲಿಲೀಟರ್ ವ್ಯತ್ಯಾಸವಾಗುವುದು ತೀರಾ ಸಾಮಾನ್ಯ. ನಿಜವಾಗಿ ಖರ್ಚಾದದ್ದು 700 ಮಿಲಿಲೀಟರ್ ಆಗಿದ್ದರೆ ಉತ್ತರ 57ಕ್ಕೆ ಇಳಿಯುತ್ತದೆ. ಒಂದು ಲೋಟ ಪೆಟ್ರೋಲಿಗೆ ಹತ್ತು ಕಿಲೋಮೀಟರ್ ಹೆಚ್ಚುಕಡಿಮೆ! ಅಷ್ಟು ದೊಡ್ಡ ತಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡ ಸಂಖ್ಯೆಯನ್ನು ಅಚ್ಚು ಹಾಕಿಸಬಾರದಿತ್ತು.

ಆಮೇಲಿಂದ ಅಳೆಯುವ ಕ್ರಮ ಬದಲಾಯಿಸಿಕೊಂಡೆ. ಈಗ ಓಡಿಸುವುದು ಮೈಸೂರು–ಮಂಡ್ಯ ನಡುವೆ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯರಸ್ತೆಗೆ ಬೈಕುಗಳನ್ನು ಬಿಡುವುದಿಲ್ಲವಾದ್ದರಿಂದ ಸರ್ವಿಸ್ ರಸ್ತೆಯೇ ಗತಿ. ಹಂಪು, ಊರೊಳಗಿನ ತಿರುವು, ಅಡ್ಡ ಬರುವ ಎಮ್ಮೆ ಎಲ್ಲ ಅಲ್ಲಿವೆ. ಬಹುಪಾಲು ಜನ ಗಾಡಿ ಓಡಿಸುವುದೂ ಇಂಥ ರಸ್ತೆಯಲ್ಲೇ. ಹೋಗಿಬರಲು ಸುಮಾರು 90 ಕಿಲೋಮೀಟರ್. ಮೈಸೂರು ಎತ್ತರದಲ್ಲಿರುವುದರಿಂದ ಹೋಗುವಾಗ ಇಳಿಜಾರು ಸಹಾಯ ಮಾಡುತ್ತದೆ, ಬರುವಾಗ ಆ ಸಾಲ ತೀರಿಸಬೇಕಾಗುತ್ತದೆ. ಒಂದೇ ದಿಕ್ಕಿನಲ್ಲಿ ಓಡಿಸಿ ಲೆಕ್ಕ ಹಾಕಿದರೆ ಅದು ಇಳಿಜಾರಿನ ಮೈಲೇಜ್, ಬೈಕಿನದಲ್ಲ.

ದಿನಕ್ಕೆ ಎರಡು ಸುತ್ತಿನಂತೆ ಎರಡು ದಿನ. ಬೆಳಗ್ಗೆ ಟೈರ್ ತಣ್ಣಗಿರುವಾಗಲೇ ಕಂಪನಿ ಹೇಳಿದಷ್ಟು ಗಾಳಿ ತುಂಬಿಸುತ್ತೇನೆ. ಬಂಕಿನಲ್ಲಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಟ್ಯಾಂಕಿನ ಬಾಯಿಯೊಳಗಿನ ಲೋಹದ ಅಂಚಿನ ತನಕ ಮಾತ್ರ ತುಂಬಿಸುವುದು. ಬಾಯಿಮಟ್ಟ ತುಂಬಿಸಿದರೆ ಲೆಕ್ಕ ಸುಲಭ ಅನ್ನಿಸಬಹುದು. ಆದರೆ ಬಿಎಸ್-6 ಗಾಡಿಗಳಲ್ಲಿ ಪೆಟ್ರೋಲ್ ಆವಿ ಹಿಡಿದಿಡುವ ಇದ್ದಿಲಿನ ಡಬ್ಬಿಯೊಂದಿರುತ್ತದೆ. ಅದಕ್ಕೆ ಪೆಟ್ರೋಲೇ ಹರಿದರೆ ಹಾಳಾಗುತ್ತದೆ. ಮೂರನೆಯ ದಿನ ಬೆಳಗ್ಗೆ ಅದೇ ಹೊತ್ತಿಗೆ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಅದೇ ಅಂಚಿನ ತನಕ. ಹೊತ್ತಿನ ಬಗ್ಗೆ ಹಟ ಯಾಕೆಂದರೆ, ಪೆಟ್ರೋಲ್ ಕಾದರೆ ಹಿಗ್ಗುತ್ತದೆ. ಹತ್ತು ಡಿಗ್ರಿ ಏರಿದರೆ ಹತ್ತು ಲೀಟರಿನ ಗಾತ್ರ ಸುಮಾರು 100 ಮಿಲಿಲೀಟರ್ ಹೆಚ್ಚುತ್ತದೆ. ಮತ್ತೆ ಅದೇ ಟೀ ಲೋಟ.

ಒಂದು 125 ಸಿಸಿ ಬೈಕಿನ ಲೆಕ್ಕ ಹೀಗೆ ಬಂತು. ನಾಲ್ಕು ಸುತ್ತಿಗೆ ಮೀಟರ್ ತೋರಿಸಿದ್ದು 371 ಕಿಲೋಮೀಟರ್, ಹಿಡಿದ ಪೆಟ್ರೋಲ್ 6.6 ಲೀಟರ್. ಭಾಗಿಸಿದರೆ 56.2. ಆದರೆ ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳ ಜೊತೆ ತಾಳೆ ನೋಡಿದಾಗ ಪ್ರತಿ ಹತ್ತು ಕಿಲೋಮೀಟರಿಗೆ ಮೀಟರ್ 10.3 ತೋರಿಸುತ್ತಿತ್ತು. ಅಂದರೆ ನಿಜವಾಗಿ ಓಡಿದ್ದು 360. ಮೈಲೇಜ್ 54.5ಕ್ಕೆ ಇಳಿಯಿತು. ಟೀ ಲೋಟದ ತಪ್ಪು ಇಲ್ಲೂ ಇರಬಹುದು. ಆದರೆ ದೂರ ಹೆಚ್ಚಿರುವುದರಿಂದ ಅದು ಈಗ ಒಂದು ಕಿಲೋಮೀಟರಿಗಿಂತ ಹೆಚ್ಚು ಅತ್ತಿತ್ತ ಮಾಡಲಾರದು. ಹಾಗಾಗಿ ನಾನು ಬರೆಯುವುದು ‘ಸುಮಾರು 54ರಿಂದ 55’ ಎಂದು.

ಹಾಗಾದರೆ ಕಂಪನಿ ಹೇಳುವ ದೊಡ್ಡ ಸಂಖ್ಯೆ ಸುಳ್ಳೇ? ಅಲ್ಲ. ಅದು ಬೇರೆ ಪರೀಕ್ಷೆಯ ಉತ್ತರ. ಪುಣೆಯ ಎಆರ್‌ಎಐನಂಥ ಸಂಸ್ಥೆಯ ಪ್ರಯೋಗಾಲಯದಲ್ಲಿ ಗಾಡಿ ಉರುಳೆಗಳ ಮೇಲೆ ಓಡುತ್ತದೆ. ಎಷ್ಟು ಸೆಕೆಂಡಿಗೆ ಎಷ್ಟು ವೇಗ ಅನ್ನುವುದು ಮೊದಲೇ ನಿಗದಿ. ಹಳೆಯ ಭಾರತೀಯ ಚಕ್ರದಲ್ಲಿ ಗರಿಷ್ಠ ವೇಗ ಗಂಟೆಗೆ 42 ಕಿಲೋಮೀಟರ್ ಮಾತ್ರ. ಆಮೇಲೆ ಅದರ ಜಾಗಕ್ಕೆ ಅಂತಾರಾಷ್ಟ್ರೀಯ ಚಕ್ರ ಬಂತು. ಗುಂಡಿ, ಎದುರುಗಾಳಿ, ಹಿಂದೆ ಕೂತ ಹೆಂಡತಿ, ಮುಂದೆ ಇಟ್ಟ ಅಕ್ಕಿಚೀಲ ಯಾವ ಚಕ್ರದಲ್ಲೂ ಇಲ್ಲ. ಪ್ರಯೋಗಾಲಯದ ಅಂಕಿಯ ಉಪಯೋಗ ಇರುವುದು ಎರಡು ಗಾಡಿಗಳನ್ನು ಒಂದೇ ಅಳತೆಗೋಲಿನಲ್ಲಿ ನೋಡಲು.

ಪೆಟ್ರೋಲ್ ಕೂಡ ಈಗ ಮೊದಲಿನದಲ್ಲ. ಶೇ. 20 ಎಥನಾಲ್ ಬೆರೆತ ಇ20ಯಲ್ಲಿ, ಶುದ್ಧ ಪೆಟ್ರೋಲಿಗೆ ಹೋಲಿಸಿದರೆ, ಲೀಟರಿಗೆ ಸುಮಾರು ಶೇ. 7ರಷ್ಟು ಶಕ್ತಿ ಕಡಿಮೆ. ಆದ್ದರಿಂದ 2019ರಲ್ಲಿ ಅಳೆದ ಬೈಕನ್ನು ಇವತ್ತು ಅಳೆದ ಬೈಕಿನ ಪಕ್ಕ ಇಟ್ಟು ‘ಹಳೆಯದೇ ವಾಸಿ’ ಅನ್ನುವುದು ತೂಕದ ಕಲ್ಲು ಬದಲಾಯಿಸಿ ತೂಗಿದ ಹಾಗೆ.

ಮಾಡೆಲ್ ವರ್ಷವನ್ನು ಖಚಿತವಾಗಿ ಬರೆಯಬೇಕಾದದ್ದೂ ಇದೇ ಕಾರಣಕ್ಕೆ. ‘2024 ಮಾಡೆಲ್’ ಅಂದರೆ ಶೋರೂಮಿನಲ್ಲಿ ಮೂರು ಅರ್ಥ ಬರಬಹುದು: ಆ ರೂಪ ಮಾರುಕಟ್ಟೆಗೆ ಬಂದ ವರ್ಷ, ಗಾಡಿ ತಯಾರಾದ ವರ್ಷ, ನೋಂದಣಿಯಾದ ವರ್ಷ. ಡಿಸೆಂಬರಿನಲ್ಲಿ ತಯಾರಾಗಿ ಜನವರಿಯಲ್ಲಿ ನೋಂದಣಿಯಾದ ಗಾಡಿಗೆ ಮಾರುವಾಗ ಹಳೆಯ ವರ್ಷದ ಬೆಲೆಯೇ ಸಿಗುತ್ತದೆ. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷ ನಮೂದಾಗಿರುತ್ತದೆ. ವಿಮರ್ಶೆಯಲ್ಲೂ ಅದನ್ನೇ ಬರೆಯಬೇಕು. 2023ರ ಏಪ್ರಿಲ್‌ನಲ್ಲಿ ಒಬಿಡಿ-2 ನಿಯಮ ಬಂತು. ಅದರ ಹಿಂದೆ ಮುಂದೆ ತಯಾರಾದ ಗಾಡಿಗಳ ಹೆಸರು ಒಂದೇ ಇದ್ದರೂ ಒಳಗಿನ ಸಂವೇದಕಗಳೂ ಎಂಜಿನ್ ಹೊಂದಿಕೆಯೂ ಬೇರೆಯಿರಬಹುದು.

ಇನ್ನು ಎದುರಾಳಿ ಗಾಡಿಯ ಮಾತು. ತಪ್ಪು ಹೆಚ್ಚು ನುಸುಳುವುದು ಇಲ್ಲಿ, ಅದೂ ಬೇಕೆಂದೇ ಆಗಬೇಕಿಲ್ಲ. ನಾವು ಓಡಿಸಿದ ಗಾಡಿಗೆ ರಸ್ತೆಯ ಅಂಕಿ, ಓಡಿಸದ ಗಾಡಿಗೆ ಕಂಪನಿಯ ಅಂಕಿ ಇಟ್ಟು ಹೋಲಿಸಿದರೆ, ಓಡಿಸದ ಗಾಡಿಯೇ ಗೆಲ್ಲುವ ಸಂಭವ ಹೆಚ್ಚು. ಎರಡನ್ನೂ ಓಡಿಸಿದಾಗಲೂ ಸವಾರರ ತೂಕ, ಆಕ್ಸಿಲರೇಟರ್ ತಿರುವುವ ಕೈ ಬೇರೆಬೇರೆ. ಅದಕ್ಕೆ ನಾನೂ ನನ್ನ ಸಹೋದ್ಯೋಗಿಯೂ ಮಂಡ್ಯದಲ್ಲಿ ಗಾಡಿ ಅದಲುಬದಲು ಮಾಡಿಕೊಳ್ಳುತ್ತೇವೆ, ಮುಂದಿನ ಸುತ್ತಿನಲ್ಲಿ ಅದಕ್ಕೆ ತಿರುಗುಮುರುಗು. ಅವನ ತೂಕ 82 ಕಿಲೋ, ನನ್ನದು 64. ನಾಲ್ಕು ಸುತ್ತು ಮುಗಿಯುವಾಗ ಎರಡು ಗಾಡಿಗಳೂ ಇಬ್ಬರನ್ನೂ ಎರಡೂ ದಿಕ್ಕಿಗೆ ಸಮನಾಗಿ ಹೊತ್ತಿರುತ್ತವೆ.

ಆ ಸಲ ಎದುರಾಳಿಗೆ ಬಂದದ್ದು 55.3. ನಮ್ಮ ಗಾಡಿಗಿಂತ 0.8 ಹೆಚ್ಚು. ‘ಮೈಲೇಜಿನಲ್ಲಿ ಎದುರಾಳಿ ಸೋಲಿಸಿತು’ ಎಂದು ಬರೆದರೆ ಓದಲು ಸೊಗಸು. ಆದರೆ ಆ 0.8 ನಮ್ಮ ಟೀ ಲೋಟದೊಳಗೇ ಮುಳುಗಿಹೋಗುವಷ್ಟು. ಹಾಗಾಗಿ ಅಂತಿಮ ಕರಡಿನಲ್ಲಿ ಉಳಿದದ್ದು ಈ ಸಾಲುಗಳು:

‘ಎರಡೂ ಗಾಡಿಗಳು ಒಂದೇ ವರ್ಷದ ಮಾರ್ಚ್‌ನಲ್ಲಿ ತಯಾರಾದವು, ಎರಡರದ್ದೂ ಮೊದಲ ಸರ್ವಿಸ್ ಆಗಿದೆ. ಮೈಸೂರು–ಮಂಡ್ಯ ಸರ್ವಿಸ್ ರಸ್ತೆಯಲ್ಲಿ ಇ20 ಪೆಟ್ರೋಲಿನಲ್ಲಿ, ಹಿಂಬದಿ ಸವಾರರಿಲ್ಲದೆ, ಗಂಟೆಗೆ 50 ಕಿಲೋಮೀಟರ್ ಮೀರದೆ 360 ಕಿಲೋಮೀಟರ್ ಓಡಿಸಿದ್ದೇವೆ. ಮೀಟರಿನ ತಪ್ಪು ಸರಿಪಡಿಸಿದ ಮೇಲೆ ಎರಡೂ ಲೀಟರಿಗೆ ಸುಮಾರು 55 ಕೊಟ್ಟವು. ಇಬ್ಬರು ಕೂತು ಊರೊಳಗೆ ಓಡಿಸಿದರೆ ಇದಕ್ಕಿಂತ ಕಡಿಮೆ ಬರುತ್ತದೆ, ಅದನ್ನು ನಾವು ಅಳೆದಿಲ್ಲ. ಎದುರಾಳಿಯ ಸೀಟು ದೂರದ ಪ್ರಯಾಣಕ್ಕೆ ಹೆಚ್ಚು ಹಿತವೆನ್ನಿಸಿತು. ಇದು ನಮ್ಮಿಬ್ಬರ ಅಭಿಪ್ರಾಯ, ಅಳತೆಯಲ್ಲ.’