ಗಿಡುಗದ ವೇಷದಲ್ಲಿ ಕೋಗಿಲೆ

ಬೂದು ಬೆನ್ನು, ಅಡ್ಡಪಟ್ಟೆಯ ಹೊಟ್ಟೆ, ಪಟ್ಟೆ ಬಿದ್ದ ಉದ್ದನೆಯ ಬಾಲ, ದುರುಗುಟ್ಟುವ ಹಳದಿ ಕಣ್ಣು. ಇಂಥ ಹಕ್ಕಿಯ ಫೋಟೋ ಮೊಬೈಲಿಗೆ ಬಂದರೆ ‘ಗಿಡುಗ’ ಎಂದು ಹೇಳಿಬಿಡುವವರೇ ಹೆಚ್ಚು. ನಮ್ಮ ಊರುಗಳಲ್ಲಿ, ತೋಟಗಳಲ್ಲಿ, ನಗರದ ಪಾರ್ಕುಗಳಲ್ಲಿ ಶಿಕ್ರಾ ಎಂಬ ಪುಟ್ಟ ಗಿಡುಗ ಸಾಮಾನ್ಯ. ಹಾಗಾಗಿ ಆ ಊಹೆ ಎಷ್ಟೋ ಸಲ ಸರಿಯೇ ಆಗಿರುತ್ತದೆ. ಆದರೆ ಅದೇ ಮರದಲ್ಲಿ, ಹೆಚ್ಚುಕಡಿಮೆ ಅದೇ ಗಾತ್ರದ, ಅದೇ ಬಣ್ಣದ ಇನ್ನೊಂದು ಹಕ್ಕಿಯೂ ಕೂರುತ್ತದೆ. ಅದು ಗಿಡುಗ ಕೋಗಿಲೆ. ಹಿಂದಿಯಲ್ಲಿ ಪಪೀಹ, ಇಂಗ್ಲಿಷರ ಬಾಯಲ್ಲಿ ಬ್ರೈನ್‌ಫೀವರ್ ಬರ್ಡ್.

ಈ ಕೋಗಿಲೆ ಕೂಗಿದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಮಳೆಗಾಲಕ್ಕೆ ಮುಂಚಿನ ಬಿಸಿಲಲ್ಲಿ, ಕೆಲವೊಮ್ಮೆ ಬೆಳದಿಂಗಳ ರಾತ್ರಿಯಲ್ಲೂ, ಒಂದೇ ಪದವನ್ನು ಮತ್ತೆ ಮತ್ತೆ, ಪ್ರತಿ ಸಲವೂ ಸ್ವರ ಏರಿಸುತ್ತಾ ಕೂಗಿ, ತುದಿ ಮುಟ್ಟಿದ ಮೇಲೆ ಥಟ್ಟನೆ ನಿಲ್ಲಿಸುತ್ತದೆ. ತುಸು ಹೊತ್ತಾದ ಮೇಲೆ ಮತ್ತೆ ಕೆಳಗಿನಿಂದ ಶುರು. ಆದರೆ ಫೋಟೋಕ್ಕೆ ದನಿಯಿಲ್ಲ. ಚಳಿಗಾಲದಲ್ಲಿ ಹಕ್ಕಿಯೂ ಬಹುಮಟ್ಟಿಗೆ ಮೌನವಾಗಿರುತ್ತದೆ. ಆಗ ನಮಗೆ ಉಳಿಯುವುದು ಅದರ ವೇಷ ಮಾತ್ರ. ಆ ವೇಷ ಎಂಥ ಕಣ್ಣನ್ನೂ ದಾರಿ ತಪ್ಪಿಸುವಂಥದ್ದು.

ಹಾರಾಟವೂ ವೇಷಕ್ಕೆ ತಕ್ಕಂತಿದೆ. ನಾಲ್ಕು ಸಲ ರೆಕ್ಕೆ ಬಡಿದು, ಆಮೇಲೆ ತೇಲುತ್ತಾ ಸಾಗಿ, ಕೊಂಬೆಯ ಹತ್ತಿರ ಬಂದಾಗ ಕೆಳಗಿನಿಂದ ಮೇಲಕ್ಕೇರಿ ಕೂತು, ಬಾಲವನ್ನು ಅತ್ತಿತ್ತ ಅಲ್ಲಾಡಿಸುತ್ತದೆ. ಶಿಕ್ರಾ ಮಾಡುವುದೂ ಇದನ್ನೇ. ಹಾಗಾಗಿ ಗಿಡುಗ ಕೋಗಿಲೆ ಬಂದು ಕೂತರೆ ಸಣ್ಣಪುಟ್ಟ ಹಕ್ಕಿಗಳು ಗಲಾಟೆ ಎಬ್ಬಿಸುತ್ತವೆ, ಅಳಿಲುಗಳು ಚೀರುತ್ತವೆ. ಸುತ್ತಲಿನ ಹಕ್ಕಿಗಳು ಗಾಬರಿಯಾದವು ಎಂಬುದನ್ನು ಗಿಡುಗಕ್ಕೆ ಸಾಕ್ಷಿಯಾಗಿ ಹಿಡಿಯುವಂತಿಲ್ಲ. ಅವೂ ನಮ್ಮಂತೆಯೇ ಮೋಸಹೋಗಿರಬಹುದು.

ಸಣ್ಣ ಹಕ್ಕಿಗಳು ನಿಜಕ್ಕೂ ಮೋಸಹೋಗುತ್ತವೆಯೇ ಎಂಬುದನ್ನು ಇಂಗ್ಲೆಂಡಿನಲ್ಲಿ ನಿಕ್ ಡೇವಿಸ್ ಮತ್ತು ಜಸ್ಟಿನ್ ವೆಲ್‌ಬರ್ಗನ್ ಪರೀಕ್ಷೆ ಮಾಡಿ ನೋಡಿದರು. ಅವರ ಪ್ರಬಂಧ ಪ್ರಕಟವಾದದ್ದು 2008ರಲ್ಲಿ. ಅಲ್ಲಿಯ ಕೋಗಿಲೆ ಬೇರೆ ಜಾತಿ, ಗಿಡುಗವೂ ಬೇರೆ ಜಾತಿ. ಆದರೆ ಹೋಲಿಕೆಯ ಕತೆ ಇದೇ. ಟಿಟ್ ಎಂಬ ಪುಟ್ಟ ಹಕ್ಕಿಗಳು ಕಾಳು ತಿನ್ನಲು ಬರುವ ಜಾಗದ ಬಳಿ, ಒಳಗೆ ಹುರಿ ತುಂಬಿ ಒಣಗಿಸಿಟ್ಟ ಕೋಗಿಲೆ, ಗಿಡುಗ ಮತ್ತು ಬೆಳವಗಳನ್ನು ಸರದಿಯಂತೆ ನಿಲ್ಲಿಸಿದರು. ಬೆಳವ ಕಂಡರೆ ಟಿಟ್‌ಗಳು ಹೆದರಲಿಲ್ಲ. ಗಿಡುಗಕ್ಕೆ ಎಷ್ಟು ಹೆದರಿದವೋ ಕೋಗಿಲೆಗೂ ಅಷ್ಟೇ ಹೆದರಿದವು. ಮುಂದಿನ ಹೆಜ್ಜೆಯಲ್ಲಿ ಕೋಗಿಲೆಯ ಹೊಟ್ಟೆಯ ಪಟ್ಟೆಗಳು ಕಾಣದಂತೆ ಮಾಡಿದರು. ಆಗ ಟಿಟ್‌ಗಳು ಅದನ್ನು ಬೆಳವದಂತೆಯೇ ಕಂಡವು. ಅಂದರೆ ಕೋಗಿಲೆಯ ವೇಷ ನಿಂತಿರುವುದು ಹೊಟ್ಟೆಯ ಪಟ್ಟೆಗಳ ಮೇಲೆ. ಇಷ್ಟಕ್ಕೇ ಮುಗಿಯಲಿಲ್ಲ. ಗಿಡುಗದ ಪಟ್ಟೆ ಮರೆಮಾಡಿದರೂ ಟಿಟ್‌ಗಳ ಭಯ ಕಡಿಮೆಯಾಗಲಿಲ್ಲ. ಬೆಳವಕ್ಕೆ ಪಟ್ಟೆ ಕೊಟ್ಟರೂ ಅಷ್ಟಾಗಿ ಹೆದರಲಿಲ್ಲ. ಪಟ್ಟೆಯಾಚೆಗೂ ಗಿಡುಗದಲ್ಲಿ ಏನೋ ಇದೆ, ಅದು ಸಣ್ಣ ಹಕ್ಕಿಗಳ ಕಣ್ಣಿಗೆ ಬೀಳುತ್ತದೆ ಎಂದಾಯಿತು.

ಫೋಟೋ ನೋಡುವ ನಾವೂ ಹುಡುಕಬೇಕಾದದ್ದು ಪಟ್ಟೆಯಾಚೆಗಿನ ಆ ‘ಏನೋ’ವನ್ನೇ. ಬಣ್ಣ, ಪಟ್ಟೆ, ಹಾರುವ ರೀತಿ ದೂರದಿಂದ ಕಾಣುವಂಥವು. ಅವನ್ನು ನಕಲು ಮಾಡಿದರೆ ಕೋಗಿಲೆಗೆ ಲಾಭವಿದೆ. ಕೊಕ್ಕು ಮತ್ತು ಕಾಲಿನ ವಿಷಯ ಹಾಗಲ್ಲ. ಅವು ದುಡಿದು ಉಣ್ಣುವ ಅಂಗಗಳು. ಶಿಕ್ರಾ ಓತಿಕ್ಯಾತ, ಇಲಿ, ಸಣ್ಣ ಹಕ್ಕಿಗಳನ್ನು ಕಾಲಿನಿಂದ ಹಿಡಿಯುತ್ತದೆ, ಕಾಲಡಿಯಲ್ಲಿ ಒತ್ತಿಟ್ಟು ಕೊಕ್ಕಿನಿಂದ ಹರಿದು ತಿನ್ನುತ್ತದೆ. ಗಿಡುಗ ಕೋಗಿಲೆಯ ಮುಖ್ಯ ಆಹಾರ ಹುಳುಹುಪ್ಪಟೆ, ಅದರಲ್ಲೂ ಬೇರೆ ಹಕ್ಕಿಗಳು ಮುಟ್ಟದ ಕಂಬಳಿಹುಳು. ಹುಳುವನ್ನು ಕೊಕ್ಕಿನಲ್ಲೇ ಒತ್ತಿ, ಕೊಂಬೆಗೆ ಉಜ್ಜಿ, ಒಳಗಿನ ಕರುಳು ತೆಗೆದು ನುಂಗುತ್ತದೆ. ಈ ಕೆಲಸಕ್ಕೆ ಪಂಜ ಬೇಡ, ಕೊಕ್ಕೆಯಂಥ ಕೊಕ್ಕೂ ಬೇಡ.

ಮೊದಲು ಕೊಕ್ಕನ್ನು ನೋಡೋಣ. ಶಿಕ್ರಾದ ಕೊಕ್ಕು ಗಿಡ್ಡ, ಬುಡದಲ್ಲಿ ದಪ್ಪ. ಬುಡದಿಂದಲೇ ಬಾಗತೊಡಗಿ, ತುದಿ ಕೆಳಗಿನ ಕೊಕ್ಕನ್ನು ದಾಟಿ ಚೂಪಾಗಿ ಇಳಿಯುತ್ತದೆ. ಬುಡದಲ್ಲಿ ಮೇಣ ಮೆತ್ತಿದಂಥ ಹಳದಿ ತೊಗಲು ಇದೆ, ಮೂಗಿನ ಹೊಳ್ಳೆ ಅದರಲ್ಲೇ ತೆರೆದಿರುತ್ತದೆ. ಕೋಗಿಲೆಯ ಕೊಕ್ಕು ತೆಳು, ತುಸು ಉದ್ದ. ಬಹುಪಾಲು ನೇರವಾಗಿ ಹೋಗಿ ತುದಿಯಲ್ಲಿ ಮಾತ್ರ ಮೆಲ್ಲಗೆ ಬಾಗುತ್ತದೆ. ಮೇಣದ ತೊಗಲು ಇಲ್ಲ. ಹೊಳ್ಳೆ ದುಂಡಗಿದ್ದು, ಸುತ್ತ ಸಣ್ಣ ಅಂಚು ಎದ್ದಿರುತ್ತದೆ. ಎಡವುವ ಜಾಗವೂ ಇಲ್ಲೇ ಇದೆ. ಕೋಗಿಲೆಯ ಕೊಕ್ಕಿನ ಬುಡವೂ ಹಸಿರು ಬೆರೆತ ಹಳದಿ, ಕಣ್ಣಿನ ಸುತ್ತಲೂ ಹಳದಿ ಉಂಗುರ. ಮಸುಕಾದ ಫೋಟೋದಲ್ಲಿ ಇವೆರಡೂ ಕಲೆತು ಗಿಡುಗದ ಹಳದಿ ತೊಗಲಿನಂತೆ ತೋರುತ್ತವೆ. ಆದ್ದರಿಂದ ಬಣ್ಣವನ್ನು ಬಿಟ್ಟು ಆಕಾರವನ್ನೇ ನೋಡಬೇಕು, ಅದೂ ತಲೆ ಪಕ್ಕಕ್ಕೆ ತಿರುಗಿರುವ ಫೋಟೋದಲ್ಲಿ. ಹಕ್ಕಿ ನೇರ ಕ್ಯಾಮೆರಾದತ್ತ ಮುಖ ಮಾಡಿದ್ದರೆ ಎಂಥ ಉದ್ದದ ಕೊಕ್ಕೂ ಗಿಡ್ಡವಾಗಿ, ಕೆಳಗೆ ಬಾಗಿದಂತೆ ಕಾಣುತ್ತದೆ.

ಪಟ್ಟೆಗಳ ವಿಷಯಕ್ಕೆ ಬಂದರೆ, ಬೆಳೆದ ಹಕ್ಕಿಗಳಲ್ಲಿ ವ್ಯತ್ಯಾಸ ಸ್ಪಷ್ಟವಾಗಿಯೇ ಇದೆ. ಶಿಕ್ರಾದ ಎದೆಯಿಂದ ಹೊಟ್ಟೆಯವರೆಗೂ ಕೆಂಗಂದು ಬಣ್ಣದ ಸಣ್ಣ ಸಣ್ಣ ಗೆರೆಗಳು ಒತ್ತೊತ್ತಾಗಿ ತುಂಬಿರುತ್ತವೆ. ಬಿಳಿ ಗಂಟಲಿನ ನಡುವೆ ಮೇಲಿನಿಂದ ಕೆಳಕ್ಕೆ ಒಂದು ತೆಳು ಬೂದು ಗೆರೆಯೂ ಉಂಟು. ಗಿಡುಗ ಕೋಗಿಲೆಯ ಎದೆಯ ಮೇಲ್ಭಾಗಕ್ಕೆ ಕೆಂಗಂದು ಬಣ್ಣ ಹರಡಿದಂತಿದ್ದು, ಪಟ್ಟೆಗಳು ಅದರ ಕೆಳಗೆ, ಹೊಟ್ಟೆ ಮತ್ತು ಪಕ್ಕೆಗಳಲ್ಲಿ, ಬಿಡಿಬಿಡಿಯಾಗಿ ಕಾಣುತ್ತವೆ. ಬಾಲದ ತುದಿಗೆ ಹತ್ತಿರದ ಕಪ್ಪುಪಟ್ಟೆ ಅಗಲ, ಅದರಾಚೆ ಕಂದು ಛಾಯೆಯ ಅಂಚು.

ಕಷ್ಟ ಇರುವುದು ಮರಿಗಳಲ್ಲಿ. ಶಿಕ್ರಾ ಮರಿಯ ಬೆನ್ನು ಕಂದು, ಬಿಳಿ ಎದೆಯ ಮೇಲೆ ನೀರು ತೊಟ್ಟಿಕ್ಕಿದಂಥ ಕಂದು ಗುರುತುಗಳು, ಪಕ್ಕೆಗಳಲ್ಲಿ ಪಟ್ಟೆ. ಗಿಡುಗ ಕೋಗಿಲೆಯ ಮರಿಯೂ ಹಾಗೇ! ಬೆಳೆದ ಕೋಗಿಲೆ ಬೆಳೆದ ಗಿಡುಗವನ್ನು ಹೋಲಿದರೆ, ಮರಿ ಕೋಗಿಲೆ ಮರಿ ಗಿಡುಗವನ್ನೇ ಹೋಲುತ್ತದೆ. ಈ ಹೋಲಿಕೆಯಲ್ಲಿ ನನಗೆ ಅತ್ಯಂತ ಅಚ್ಚರಿಯೆನಿಸುವ ಸಂಗತಿ ಇದು. ಹಾಗಾಗಿ ಎದೆಯ ಗುರುತು ನೋಡಿ ಮರಿಯನ್ನು ಹೆಸರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ.

ಕಾಲು ಮಾತ್ರ ಮರಿಯಲ್ಲೂ ಸುಳ್ಳು ಹೇಳುವುದಿಲ್ಲ. ಶಿಕ್ರಾದ ಕಾಲು ಉದ್ದ, ಬೋಳು, ಹಳದಿ. ಮೂರು ಬೆರಳು ಮುಂದಕ್ಕೆ, ಒಂದು ಹಿಂದಕ್ಕೆ, ಪ್ರತಿಯೊಂದರ ತುದಿಯಲ್ಲೂ ಬಾಗಿದ ಕಪ್ಪು ಉಗುರು. ಕೋಗಿಲೆಯ ಕಾಲೂ ಹಳದಿಯೇ, ಆದರೆ ಗಿಡ್ಡ. ಕೂತಾಗ ಹೊಟ್ಟೆಯ ಗರಿಗಳಲ್ಲಿ ಬಹುಪಾಲು ಮುಚ್ಚಿಹೋಗುತ್ತದೆ. ಉಗುರು ಸಣ್ಣದು. ಬೆರಳುಗಳು ಎರಡು ಮುಂದಕ್ಕೆ, ಎರಡು ಹಿಂದಕ್ಕೆ. ಎಲ್ಲ ಕೋಗಿಲೆಗಳ ಕಾಲಿನ ಕಟ್ಟುವಿಕೆಯೂ ಹೀಗೆಯೇ. ಹಕ್ಕಿಯ ಎದುರಿನಿಂದ ತೆಗೆದ ಫೋಟೋ ಇದ್ದರೆ ಕೊಂಬೆಯ ಮೇಲೆ ಕಾಣುವ ಬೆರಳುಗಳನ್ನು ಎಣಿಸಬಹುದು. ಒಂದು ಕಾಲಿನಲ್ಲಿ ಮೂರು ಕಂಡರೆ ಅದು ಕೋಗಿಲೆಯಲ್ಲ. ಎರಡೇ ಕಂಡರೆ ತಕ್ಷಣ ತೀರ್ಮಾನಕ್ಕೆ ಬರಬಾರದು, ಮೂರನೆಯದು ಗರಿಯ ಮರೆಯಲ್ಲಿರಬಹುದು. ಆಗ ಇನ್ನೊಂದು ಕಾಲನ್ನೂ ಉಗುರಿನ ಗಾತ್ರವನ್ನೂ ನೋಡಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಜೂನ್ ತಿಂಗಳು, ಕರೆಂಟ್ ತಂತಿಯ ಮೇಲೆ ಕಂದು ಬೆನ್ನಿನ ಹಕ್ಕಿ, ಎದೆಯ ತುಂಬ ಹನಿಹನಿ ಗುರುತು. ಕೆಳಗಿನಿಂದ, ಮೋಡದ ಬೆಳಕಿಗೆ ಎದುರಾಗಿ ತೆಗೆದ ಐದಾರು ಫೋಟೋಗಳು. ಮೊದಲನೆಯದರಲ್ಲಿ ಹಕ್ಕಿ ಬರೀ ಕಪ್ಪು ನೆರಳು. ಮೊಬೈಲಿನಲ್ಲೇ ನೆರಳಿನ ಭಾಗಕ್ಕೆ ಬೆಳಕು ಏರಿಸಿದರೆ ಎದೆಯ ಗುರುತು ಕಾಣುತ್ತದೆ, ಆದರೆ ಅದು ಇಬ್ಬರಿಗೂ ಸೇರಿದ್ದು. ಮುಖ ನಮ್ಮತ್ತ ಇರುವುದರಿಂದ ಕೊಕ್ಕು ಗಿಡುಗದ್ದೇ ಎನ್ನಿಸುತ್ತದೆ. ಮೂರನೆಯ ಫೋಟೋದಲ್ಲಿ ತಲೆ ಪಕ್ಕಕ್ಕೆ ತಿರುಗಿದೆ. ಕೊಕ್ಕಿನ ಮೇಲಂಚು ಹಣೆಯಿಂದ ಹೊರಟು ನೇರವಾಗಿ ಸಾಗಿ ತುದಿಯಲ್ಲಷ್ಟೇ ಇಳಿದಿದೆ. ಇಲ್ಲಿಗೆ ಗಿಡುಗದ ಪಕ್ಷ ದುರ್ಬಲವಾಯಿತು. ಕಾಲನ್ನು ಹಿಗ್ಗಿಸಿ ನೋಡಿದರೆ ತಂತಿಯ ಮೇಲೆ ಒಂದೊಂದು ಕಡೆಯೂ ಎರಡೆರಡೇ ಬೆರಳು, ಉಗುರು ಇದೆಯೋ ಇಲ್ಲವೋ ಎಂಬಷ್ಟು ಸಣ್ಣದು. ಬೋಳು ಕಾಲು ಎಲ್ಲೂ ಕಾಣುವುದಿಲ್ಲ, ಹೊಟ್ಟೆ ತಂತಿಗೆ ತಾಗಿಕೊಂಡೇ ಇದೆ. ಇದು ಗಿಡುಗ ಕೋಗಿಲೆಯ ಮರಿ. ಪಕ್ಕದ ಫೋಟೋಗಳಲ್ಲಿ ಹರಟೆಮಲ್ಲಗಳು ಇದ್ದರೆ ಸಂಶಯವೇ ಬೇಡ. ಈ ಕೋಗಿಲೆ ನೀಲಿ ಮೊಟ್ಟೆ ಇಡುವುದು ಹರಟೆಮಲ್ಲಗಳ ಗೂಡಿನಲ್ಲಿ, ಆ ನೀಲಿ ಮೊಟ್ಟೆಗಳ ಜೊತೆಗೇ. ಗೂಡು ಬಿಟ್ಟ ಮರಿಗೂ ತುತ್ತು ಕೊಡುವವು ಅವೇ. ಶಿಕ್ರಾ ಮರಿಯ ಬಾಯಿಗೆ ಹುಳ ಇಡುವ ಹರಟೆಮಲ್ಲ ಎಲ್ಲೂ ಇಲ್ಲ.

ಇಲ್ಲಿ ಅರಿಸ್ಟಾಟಲ್‌ನ ಹೆಸರು ಹೇಳದೆ ಇರಲಾರೆ. ಕೋಗಿಲೆ ಎಂದರೆ ರೂಪ ಬದಲಿಸಿದ ಗಿಡುಗವೇ ಎಂದು ಅವನ ಕಾಲದ ಗ್ರೀಕರಲ್ಲಿ ಕೆಲವರು ನಂಬಿದ್ದರು. ಪ್ರಾಣಿಗಳ ಕುರಿತ ತನ್ನ ಗ್ರಂಥದಲ್ಲಿ ಅವನು ಅದನ್ನು ಅಲ್ಲಗಳೆದ. ಗಿಡುಗಕ್ಕೆ ಬಾಗಿದ ಉಗುರುಗಳಿವೆ, ಕೋಗಿಲೆಗಿಲ್ಲ. ತಲೆಯೂ ಗಿಡುಗದಂತಿಲ್ಲ, ಪಾರಿವಾಳದಂತಿದೆ. ಬಣ್ಣ ಹೋಲುತ್ತದಾದರೂ ಗಿಡುಗದ ಗುರುತು ಗೆರೆಗಳಾಗಿದ್ದರೆ ಕೋಗಿಲೆಯದು ಚುಕ್ಕೆಗಳಂತಿದೆ. ಗಿಡುಗ ಕೋಗಿಲೆಯನ್ನು ತಿಂದದ್ದನ್ನು ಕಂಡವರಿದ್ದಾರೆ ಎಂದೂ ಬರೆದ. ಕಾಲು, ತಲೆ, ಪಟ್ಟೆ: ಇಪ್ಪತ್ಮೂರು ಶತಮಾನಗಳ ಹಿಂದೆ, ದುರ್ಬೀನೂ ಇಲ್ಲದೆ ಅವನು ನೋಡಿದ್ದು ಇವುಗಳನ್ನೇ.

ಕೊಕ್ಕೂ ಕಾಲೂ ಎರಡೂ ಎಲೆಯ ಮರೆಯಲ್ಲಿರುವ ಫೋಟೋಗಳೂ ಬರುತ್ತವೆ. ಬೆನ್ನು ಮತ್ತು ಬಾಲ ಮಾತ್ರ ಕಾಣುವ ಮರಿಯ ಫೋಟೋ ಆದರೆ ಹೆಸರು ಹೇಳದೆ ಬಿಡುವುದೇ ಸರಿ. ಸಹ್ಯಾದ್ರಿಯ ಕಾಡಿನಲ್ಲಾದರೆ ಬೆಸ್ರಾ ಎಂಬ ಇನ್ನೊಂದು ಪುಟ್ಟ ಗಿಡುಗವೂ ಸಾಲಿಗೆ ಸೇರುವುದರಿಂದ ಎಚ್ಚರ ಇನ್ನಷ್ಟು ಬೇಕು. ಹಕ್ಕಿ ಇನ್ನೂ ಅಲ್ಲೇ ಕೂತಿದ್ದರೆ ಕ್ಯಾಮೆರಾ ಕೆಳಗಿಡದೆ, ಎದುರಿನಿಂದ ಕಾಲು ಕಾಣುವ ಜಾಗಕ್ಕೆ ನಿಧಾನವಾಗಿ ಸರಿದು, ಅದು ತಲೆ ತಿರುಗಿಸುವವರೆಗೂ ಕಾಯಬೇಕು.