ಎಕ್ಸ್‌ಟ್ರಾ ಕೆಲಸಕ್ಕೆ ಎಷ್ಟು ಕೇಳುವುದು, ಹೇಗೆ ಕೇಳುವುದು?

ಮನೆ ಕಟ್ಟಿಸುವ ಕಡೆ ಎಲೆಕ್ಟ್ರಿಷಿಯನ್‌ಗೆ ಮೇಲಿಂದ ಮೇಲೆ ಬರುವ ಮಾತು ಇದು: "ಹೆಂಗೂ ಕೆಲಸ ನಡೀತಿದೆ, ಬೆಡ್‌ರೂಮಿಗೆ ಒಂದು ಎಸಿ ಪಾಯಿಂಟ್ ಎಳೆದುಬಿಡಿ. ಪಕ್ಕದಲ್ಲೇ ಪ್ಲಗ್ ಇದೆಯಲ್ಲ." ಒಪ್ಪಂದದಲ್ಲಿ ಆ ಪಾಯಿಂಟ್ ಇಲ್ಲ. ಗೋಡೆಗೆ ಪ್ಲಾಸ್ಟರ್ ಕೂಡ ಆಗಿದೆ.

ಹಲವರು ಈ ಹೊತ್ತಿನಲ್ಲಿ "ಆಯ್ತು ಸರ್" ಎಂದು ತಲೆಯಾಡಿಸಿ, ಕೊನೆಯ ಬಿಲ್ಲಿನಲ್ಲಿ ಮೊತ್ತ ಸೇರಿಸುತ್ತಾರೆ. ಜಗಳ ಹುಟ್ಟುವುದು ಅಲ್ಲಿ. ಕೆಲಸಕ್ಕೆ ಮೊದಲು ಹೇಳಿದ ದುಡ್ಡು ದರ, ಮುಗಿದ ಮೇಲೆ ಹೇಳಿದ ಅದೇ ದುಡ್ಡು ದುರಾಸೆಯಂತೆ ಕಾಣುತ್ತದೆ. ಮೊದಲೇ ಹೇಳಿದರೆ ಬೇಡ ಎನ್ನುವ ಅವಕಾಶ ಮಾಲೀಕರಿಗೆ ಉಳಿದಿರುತ್ತದೆ.

ದರಕ್ಕಿಂತ ಮೊದಲು ಕಾರಣ ಹೇಳಬೇಕು. ಒಂದೂವರೆ ಟನ್ ಎಸಿಯನ್ನು ಸಾಮಾನ್ಯ ಪ್ಲಗ್‌ನ ಲೈನಿಗೆ ಸೇರಿಸಿದರೆ ವೈರ್ ಬಿಸಿಯಾಗುತ್ತದೆ. ಅದಕ್ಕೆ ಡಿಬಿಯಿಂದಲೇ 4 ಚದರ ಮಿಲಿಮೀಟರ್ ದಪ್ಪದ ವೈರ್‌ನ ಬೇರೆ ಲೈನ್ ಮತ್ತು ಬೇರೆ ಎಂಸಿಬಿ ಬೇಕು. ಪ್ಲಾಸ್ಟರ್ ಆಗಿರುವುದರಿಂದ ಗೋಡೆ ಕೊರೆದು ಪೈಪ್ ಹಾಕಿ, ಗಾರೆಯವರಿಂದ ಮುಚ್ಚಿಸಬೇಕು. ಇಷ್ಟು ತಿಳಿದವರಿಗೆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದು ಕಾಣುತ್ತದೆ.

ಆಮೇಲೆ ಅದೇ ದಿನ ವಾಟ್ಸ್ಆ್ಯಪ್‌ನಲ್ಲಿ ಬಿಡಿಸಿದ ಲೆಕ್ಕ ಕಳಿಸಿ. ಉದಾಹರಣೆಗೆ:

"ಸರ್, ಬೆಡ್‌ರೂಮಿನ ಎಸಿ ಪಾಯಿಂಟ್ ನಮ್ಮ ಒಪ್ಪಂದದ ಪಟ್ಟಿಯಲ್ಲಿಲ್ಲ. ವೈರ್, ಪೈಪ್, ಎಂಸಿಬಿ, ಬಾಕ್ಸ್ 3,400 ರೂ.; ನಮ್ಮ ಕೂಲಿ 1,500; ಗೋಡೆ ಕೊರೆದು ಮುಚ್ಚುವುದು 1,100; ಒಟ್ಟು 6,000. ಕೆಲಸ ಎರಡು ದಿನ ಮುಂದೆ ಹೋಗುತ್ತದೆ. ಪೇಂಟ್ ಇದರಲ್ಲಿ ಸೇರಿಲ್ಲ. ನೀವು ಸರಿ ಎಂದರೆ ನಾಳೆ ಶುರು ಮಾಡುತ್ತೇವೆ."

ಉತ್ತರ ಬರುವವರೆಗೆ ಗೋಡೆ ಮುಟ್ಟಬಾರದು. ದುಡ್ಡು ಜಾಸ್ತಿಯಾಯಿತು ಎಂದರೆ ಕೂಲಿ ಇಳಿಸುವ ಬದಲು ಕೆಲಸ ಇಳಿಸಿ: "ಪಟ್ಟಿಯಲ್ಲಿರುವ ಹಾಲ್‌ನ ಎಸಿ ಪಾಯಿಂಟ್‌ಗೆ ಇನ್ನೂ ಗೋಡೆ ಕೊರೆದಿಲ್ಲ. ಅದನ್ನು ಬಿಟ್ಟರೆ ಅದರ ದುಡ್ಡು ಇದಕ್ಕೆ ಕಳೆಯುತ್ತೇನೆ." ಕಾರಣವಿಲ್ಲದೆ ದರ ಇಳಿಸಿದರೆ, ಮೊದಲು ಹೇಳಿದ್ದೇ ಜಾಸ್ತಿಯಾಗಿತ್ತು ಎಂದಾಗುತ್ತದೆ. "ಪಕ್ಕದ ಪ್ಲಗ್‌ನಿಂದಲೇ ಎಳೆಯಿರಿ" ಎಂದು ಪಟ್ಟು ಹಿಡಿದರೆ, "ಅದು ಅಪಾಯ ಸರ್, ನಾನು ಮಾಡಲ್ಲ" ಎನ್ನುವುದೊಂದೇ ದಾರಿ. ಅಲ್ಲಿ ಚೌಕಾಸಿಗೆ ಜಾಗವಿಲ್ಲ.

ಎಲ್ಲದಕ್ಕೂ ದುಡ್ಡು ಕೇಳಬೇಕಿಲ್ಲ. ಗೋಡೆ ಕೊರೆಯುವ ಮೊದಲು ಸ್ವಿಚ್ ಬೋರ್ಡ್ ಒಂದಡಿ ಆಚೆ ಸರಿಸಿ ಎಂದರೆ ಹಾಗೇ ಮಾಡಿಕೊಡಬಹುದು. ಆದರೆ ಬಿಲ್ಲಿನಲ್ಲಿ "ಬೋರ್ಡ್ ಜಾಗ ಬದಲಾವಣೆ: 0 ರೂ." ಎಂದು ಬರೆಯಿರಿ. ಬಿಟ್ಟುಕೊಟ್ಟದ್ದು ದಾಖಲಾಗುತ್ತದೆ, ಮುಂದಿನದೂ ಪುಕ್ಕಟೆ ಎಂಬ ಎಣಿಕೆ ಬೆಳೆಯುವುದಿಲ್ಲ.

ಪುಕ್ಕಟೆ ಎಂಬ ಉದ್ದೇಶವಿಲ್ಲದೆ ಮಾಡಿದ ಕೆಲಸದ ಲಾಭ ಪಡೆದವರು ಪರಿಹಾರ ಕೊಡಬೇಕು ಎಂದು 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಂ ಹೇಳುತ್ತದೆ. ಆದರೆ ಆರು ಸಾವಿರಕ್ಕೆ ಕೋರ್ಟು ಹತ್ತುವವರು ಯಾರು? ಕೆಲಸಕ್ಕೆ ಮೊದಲು ಮೊಬೈಲಿಗೆ ಬಂದ "ಸರಿ, ಮಾಡಿ" ಎಂಬ ಉತ್ತರವಿದ್ದರೆ ಅಲ್ಲಿಯವರೆಗೆ ಹೋಗುವ ಪ್ರಮೇಯವೇ ಬಹುಮಟ್ಟಿಗೆ ಬರುವುದಿಲ್ಲ.